ನಡೆದುಕೊಂಡು ಬಂದದ್ದು: ಯೋಚಿಸದ ಮನಸ್ಸು ಮಾಡುವ ಕೇಡು

ಎಲ್ಲಿಯಾದರೂ ಘೋರ ಕೃತ್ಯವೊಂದು ನಡೆದ ಸುದ್ದಿ ಕಿವಿಗೆ ಬಿದ್ದಾಗ ನಮ್ಮ ಬಾಯಿಂದ ಮೊದಲು ಹೊರಡುವ ಮಾತು, ‘ಇದನ್ನು ಮಾಡಿದವರು ಮನುಷ್ಯರೇ ಅಲ್ಲ, ರಾಕ್ಷಸರು’ ಎಂಬುದು. ಆ ಮಾತಿನಲ್ಲಿ ಸಿಟ್ಟಿರುವಂತೆಯೇ ಒಂದು ಸಮಾಧಾನವೂ ಅಡಗಿದೆ. ಮಾಡಿದವರು ರಾಕ್ಷಸರಾದರೆ ಅವರು ನಮ್ಮ ಕುಲದವರಲ್ಲ, ನಮ್ಮ ಓಣಿಯವರಲ್ಲ. ಅಂಥದ್ದು ನಮ್ಮಿಂದ ಆಗುವ ಸಂಭವವೂ ಇಲ್ಲ. ಬಯಲಾಟದ ರಕ್ಕಸನಿಗೆ ಮುಖಕ್ಕೆ ಬಣ್ಣ, ದೊಡ್ಡ ಮೀಸೆ ಇರುತ್ತವೆ. ನೋಡಿದ ಕೂಡಲೇ ಗುರುತು ಸಿಗುತ್ತದೆ. ಗುರುತೇ ಸಿಗದ ಕೇಡು ಇದ್ದರೆ ಅದನ್ನು ಹೇಗೆ ಕಾಣುವುದು? ಈ ಪ್ರಶ್ನೆಯನ್ನು ಕಳೆದ ಶತಮಾನದಲ್ಲಿ ಬಹು ತೀಕ್ಷ್ಣವಾಗಿ ಕೇಳಿದವರು ಹನ್ನಾ ಆರೆಂಟ್ ಎಂಬ ವಿದುಷಿ. ಅವರ ವಿಚಾರವನ್ನು ಮೊದಲು ತಿಳಿದು, ಆ ಬಳಿಕ ನಮ್ಮ ಕೃಷ್ಣಾ-ಘಟಪ್ರಭಾ ತೀರದ ಒಂದು ಸಂಗತಿಗೆ ಅದನ್ನು ಹಚ್ಚಿ ನೋಡುವುದು ಈ ಬರಹದ ಉದ್ದೇಶ.

ಆರೆಂಟ್ ಜರ್ಮನಿಯಲ್ಲಿ ಹುಟ್ಟಿದ ಯಹೂದಿ ಮಹಿಳೆ. ಹಿಟ್ಲರನ ಆಳಿಕೆಯಿಂದ ತಪ್ಪಿಸಿಕೊಂಡು ಕೊನೆಗೆ ಅಮೆರಿಕ ಸೇರಿದವರು. 1961ರಲ್ಲಿ ಜೆರುಸಲೇಮ್ ನಗರದಲ್ಲಿ ಅಡಾಲ್ಫ್ ಐಖ್‌ಮನ್ ಎಂಬಾತನ ವಿಚಾರಣೆ ನಡೆದಾಗ ಪತ್ರಿಕೆಯೊಂದರ ಪರವಾಗಿ ಅವರು ಅಲ್ಲಿಗೆ ಹೋದರು. ಯುದ್ಧಕಾಲದಲ್ಲಿ ಯುರೋಪಿನ ಯಹೂದಿಗಳನ್ನು ಊರೂರಿನಿಂದ ಕಲೆಹಾಕಿ, ರೈಲು ಹತ್ತಿಸಿ, ಕೊಲ್ಲುವ ಶಿಬಿರಗಳಿಗೆ ಕಳಿಸುವ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದ ಕಚೇರಿಯ ಮುಖ್ಯಸ್ಥ ಈತ. ಲಕ್ಷಗಟ್ಟಲೆ ಜನರ ಸಾವಿನ ದಾರಿಯನ್ನು ಸಿದ್ಧಪಡಿಸಿದವನು ಹೇಗಿರಬಹುದು? ಗಾಜಿನ ಪೆಟ್ಟಿಗೆಯೊಳಗೆ ಕುಳಿತಿದ್ದವನು ಬೋಳುತಲೆಯ, ಕನ್ನಡಕದ, ಮುಂದಿನ ಕಾಗದಗಳನ್ನು ಓರಣವಾಗಿ ಇಟ್ಟುಕೊಳ್ಳುವ ಒಬ್ಬ ನೌಕರ. ಅವನನ್ನು ಪರೀಕ್ಷಿಸಿದ ಮನೋವೈದ್ಯರು ಅವನು ಸಾಮಾನ್ಯ ಮನುಷ್ಯನೆಂದೇ ಹೇಳಿದ್ದರು. ತನಿಖೆಯ ವೇಳೆ ಅವನು ಬಹಳ ನೊಂದುಕೊಂಡು ಹೇಳಿಕೊಂಡದ್ದು ತನಗೆ ಮೇಲಿನ ಹುದ್ದೆಗೆ ಬಡ್ತಿ ಸಿಗಲಿಲ್ಲವೆಂಬ ಸಂಗತಿಯನ್ನು! ಎದುರಿಗೆ ಕುಳಿತು ಕೇಳುತ್ತಿದ್ದ ಅಧಿಕಾರಿ ಯಹೂದಿ, ತನ್ನ ಕುಲದವರನ್ನು ಕಳೆದುಕೊಂಡವನು. ಅಂಥವನ ಮುಂದೆ ಈ ಗೋಳು ಹೇಳಿಕೊಳ್ಳಬಾರದೆಂದು ಐಖ್‌ಮನ್ನನಿಗೆ ಹೊಳೆಯಲಿಲ್ಲ.

ಈ ಹೊಳೆಯದಿರುವುದನ್ನೇ ಆರೆಂಟ್ ಹಿಡಿದುಕೊಂಡರು. ಅವನು ದಡ್ಡನಲ್ಲ, ತನ್ನ ಕೆಲಸದಲ್ಲಿ ನಿಪುಣ. ಆದರೆ ಇನ್ನೊಬ್ಬನ ಜಾಗದಲ್ಲಿ ನಿಂತು ನೋಡುವ ಶಕ್ತಿ ಅವನಲ್ಲಿ ಕೆಲಸ ಮಾಡುತ್ತಿರಲಿಲ್ಲ. ಅವನ ಮಾತೆಲ್ಲ ಸಿದ್ಧ ವಾಕ್ಯಗಳು. ಕಚೇರಿಯ ಭಾಷೆಯೊಂದೇ ತನಗೆ ಬರುವುದೆಂದು ಅವನೇ ಒಪ್ಪಿಕೊಂಡಿದ್ದ. ಆ ಕಚೇರಿಯಲ್ಲಿ ‘ಕೊಲೆ’ ಎಂಬ ಶಬ್ದಕ್ಕೆ ಜಾಗವಿರಲಿಲ್ಲ. ‘ಸ್ಥಳಾಂತರ’, ‘ವಿಶೇಷ ಉಪಚಾರ’, ‘ಅಂತಿಮ ಪರಿಹಾರ’ ಎಂಬ ಮಾತುಗಳು ಕಾಗದದಿಂದ ಕಾಗದಕ್ಕೆ ಹರಿಯುತ್ತಿದ್ದವು. ಜರ್ಮನ್ ರೈಲ್ವೆಯವರಂತೂ ಶಿಬಿರಕ್ಕೆ ಹೋಗುವ ಜನರಿಗೆ ಮೂರನೆಯ ದರ್ಜೆಯ ದರ ಹಾಕಿ, ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಹತ್ತರೊಳಗಿನವರಿಗೆ ಅರ್ಧ ಟಿಕೆಟ್ ಎಂದು ಲೆಕ್ಕ ಮಾಡಿ ಬಿಲ್ಲು ಕಳಿಸುತ್ತಿದ್ದರು. ಜನರಿಗೆ ಒಂದು ಕಡೆಯ ಪ್ರಯಾಣದ ದರ. ಕಾವಲಿನವರಿಗೆ ಹೋಗಿಬರುವ ದರ. ಆ ಲೆಕ್ಕ ಬರೆದ ಗುಮಾಸ್ತ ಯಾರ ಮೇಲೂ ಕೈಮಾಡಲಿಲ್ಲ. ಕೂಡಿಸುವುದರಲ್ಲಿ ತಪ್ಪಾಗದಂತೆ ನೋಡಿಕೊಂಡ, ಅಷ್ಟೆ.

1963ರಲ್ಲಿ ಹೊರಬಂದ ತಮ್ಮ ಗ್ರಂಥದಲ್ಲಿ ಆರೆಂಟ್ ಇದಕ್ಕೊಂದು ಹೆಸರಿಟ್ಟರು. ಕನ್ನಡದಲ್ಲಿ ಅದನ್ನು ‘ಕೇಡಿನ ಮಾಮೂಲಿತನ’ ಎನ್ನಬಹುದು. ‘ಸಾಮಾನ್ಯತೆ’ ಎಂಬ ಸಂಸ್ಕೃತ ಪದಕ್ಕಿಂತ ‘ಮಾಮೂಲಿ’ ನನಗೆ ಹೆಚ್ಚು ಒಪ್ಪಿತವಾಗಿ ತೋರುತ್ತದೆ. ಎಂದಿನಂತೆ ನಡೆಯುವುದು ಮಾಮೂಲಿ, ಕಚೇರಿಗಳಲ್ಲಿ ಮೇಜಿನ ಕೆಳಗೆ ಕೈಬದಲಾಗುವುದೂ ಮಾಮೂಲಿ. ಎರಡಕ್ಕೂ ಒಂದೇ ಶಬ್ದ ಸಾಕೆಂದು ನಮ್ಮ ಜನ ತೀರ್ಮಾನಿಸಿದ್ದರಲ್ಲಿ ಅರ್ಥವಿದೆ. ಕೇಡು ಸಣ್ಣದೆಂದಾಗಲಿ, ಮಾಡಿದವನದು ಸಣ್ಣ ತಪ್ಪೆಂದಾಗಲಿ ಆರೆಂಟ್ ಹೇಳಲಿಲ್ಲ. ಐಖ್‌ಮನ್ನನಿಗೆ ವಿಧಿಸಿದ ಮರಣದಂಡನೆಯನ್ನು ಅವರು ಒಪ್ಪಿದ್ದರು. ಅವರು ಹೇಳಿದ್ದಿಷ್ಟು: ಅಪಾರವಾದ ಕೇಡಿಗೆ ಅಪಾರವಾದ ದ್ವೇಷ ಬೇಕಾಗಿಲ್ಲ. ತಾನು ಮಾಡುತ್ತಿರುವುದೇನೆಂದು ತನ್ನನ್ನು ತಾನು ಕೇಳಿಕೊಳ್ಳದ ಮನಸ್ಸುಗಳು ಸಾಲಾಗಿ ನಿಂತರೆ ಸಾಕು.

ಶರಣರ ಪರಿಭಾಷೆಯಲ್ಲಿ ‘ಅರಿವು’ ಮತ್ತು ‘ಮರಹು’ ಎಂಬ ಜೋಡಿಯಿದೆ. ಮರಹು ಎಂದರೆ ತಿಳಿವಳಿಕೆಯ ಅಭಾವವಲ್ಲ; ತಿಳಿದದ್ದು ಒಳಗೇ ಇದ್ದರೂ ಅದು ಎಚ್ಚರವಿಲ್ಲದೆ ಮಲಗಿರುವುದು. ಆರೆಂಟ್ ಹೇಳುವ ‘ಯೋಚಿಸದಿರುವಿಕೆ’ಯನ್ನು ನಮ್ಮ ಓದುಗರು ಈ ಶಬ್ದದಿಂದ ಬೇಗ ಗ್ರಹಿಸಬಹುದು.

ಇನ್ನು ನಮ್ಮ ನೆಲಕ್ಕೆ ಬರೋಣ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಊರುಗಳಲ್ಲಿ ಹಿರಿಯರಾದ ಯಾರಿಗೂ ‘ಮುತ್ತು ಕಟ್ಟುವುದು’ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಎಳೆಯ ಹೆಣ್ಣುಮಗಳ ಕೊರಳಿಗೆ ಕೆಂಪು-ಬಿಳಿ ಮಣಿಗಳ ಸರ ಕಟ್ಟಿ ಅವಳನ್ನು ದೇವರಿಗೆ ಬಿಡುವ ಪದ್ಧತಿ ಅದು. ಅವಳು ಮುಂದೆ ಯಾರನ್ನೂ ಮದುವೆಯಾಗುವಂತಿಲ್ಲ. ದೊಡ್ಡವಳಾದ ಮೇಲೆ ಊರಿನ ಉಳ್ಳವನೊಬ್ಬನು ಅವಳನ್ನು ಇಟ್ಟುಕೊಳ್ಳಬಹುದು, ಬೇಡವಾದಾಗ ಬಿಡಬಹುದು. ರಾಜ್ಯ ಸರಕಾರದ 1993-94ರ ಮತ್ತು 2007-08ರ ಸಮೀಕ್ಷೆಗಳಲ್ಲಿ ಒಟ್ಟು 46,660 ದೇವದಾಸಿಯರು ಗುರುತಿಸಲ್ಪಟ್ಟರು. ಹೆಚ್ಚಿನವರು ಪರಿಶಿಷ್ಟ ಜಾತಿಯ ಬಡಮನೆಗಳವರು, ಬಹುಪಾಲು ಉತ್ತರ ಕರ್ನಾಟಕದವರು. ಅದರಲ್ಲಿ ನಮ್ಮ ಬಾಗಲಕೋಟೆ ಜಿಲ್ಲೆಯೂ ಒಂದು.

ಹತ್ತು ವರ್ಷದ ಮಗುವಿನ ಬಾಳನ್ನು ಹೀಗೆ ಮೊಟಕುಗೊಳಿಸುವುದು ಘೋರವೆಂಬುದರಲ್ಲಿ ಇಂದು ಯಾರಿಗೂ ಸಂಶಯವಿರಲಾರದು. ಹಾಗಾದರೆ ಇದರಲ್ಲಿ ರಾಕ್ಷಸ ಯಾರು? ಹುಡುಕುತ್ತ ಹೋಗೋಣ. ಯಾವುದೇ ಒಂದು ಮನೆಯನ್ನು ಹೆಸರಿಸದೆ, ಈ ಭಾಗದಲ್ಲಿ ಅದು ಸಾಮಾನ್ಯವಾಗಿ ನಡೆಯುತ್ತಿದ್ದ ಕ್ರಮವನ್ನೇ ಹೇಳುತ್ತೇನೆ.

ಮೊದಲು ಒಂದು ನೆಪ. ಹುಡುಗಿಯ ತಲೆಗೂದಲು ಗಂಟುಗಟ್ಟಿ ಜಡೆಯಾಗುತ್ತದೆ. ಎಣ್ಣೆ-ನೀರು ಕಾಣದೆ, ಬಾಚದೆ ಬಿಟ್ಟ ಕೂದಲು ಹಾಗಾಗುವುದು ಸಹಜ. ಕತ್ತರಿಯಿಂದ ಕತ್ತರಿಸಿದರೆ ಮುಗಿಯಿತು. ಆದರೆ ಜೋಗತಿಯೊಬ್ಬಳು ‘ತಾಯಿ ಕರದಾಳ’ ಎನ್ನುತ್ತಾಳೆ. ಅವಳಿಗೂ ಯಾರೋ ಹಾಗೆಯೇ ಹೇಳಿದ್ದರು; ತನಗೆ ಹೇಳಿದ್ದನ್ನೇ ಅವಳು ಹೇಳುತ್ತಾಳೆ. ಕೆಲವೆಡೆ ನೆಪ ಬೇರೆ: ಮನೆಯಲ್ಲಿ ಗಂಡುಸಂತಾನವಿಲ್ಲ, ಮುಪ್ಪಿನಲ್ಲಿ ನೋಡಿಕೊಳ್ಳಲು ಒಬ್ಬ ಮಗಳಾದರೂ ಮನೆಯಲ್ಲೇ ಉಳಿಯಬೇಕು. ಅಥವಾ ಬಿಡದ ಕಾಯಿಲೆಗೆ ಹೊತ್ತ ಹರಕೆ. ತಂದೆತಾಯಿ ಹೆದರುತ್ತಾರೆ. ದೇವರ ಮಾತು ಮೀರಿದರೆ ಉಳಿದ ಮಕ್ಕಳಿಗೆ ಕೇಡಾದೀತೆಂಬ ಅಂಜಿಕೆ ಅವರದು. ಮಗಳ ಮೇಲೆ ಅವರಿಗೆ ಪ್ರೀತಿಯಿಲ್ಲವೆಂದು ಯಾರೂ ಹೇಳಲಾರರು.

ಸಮಾರಂಭಕ್ಕೆ ಹಣ ಬೇಕು. ಹೊಸ ಸೀರೆ, ಬಳೆ, ಮಣಿಸರ, ಐದು ಮಂದಿ ಹಿರಿಯ ಜೋಗತಿಯರಿಗೆ ಉಡಿ ತುಂಬುವ ಸಾಮಗ್ರಿ, ಬಂದವರಿಗೆ ಊಟ. ಹೊಲವುಳ್ಳ ಮನೆಯವರು ಸಾಲ ಕೊಡುತ್ತಾರೆ, ಇಲ್ಲವೇ ಖರ್ಚನ್ನೇ ವಹಿಸಿಕೊಳ್ಳುತ್ತಾರೆ. ಆಳುಮಗನ ಮನೆಯ ದೇವರ ಕಾರ್ಯಕ್ಕೆ ನೆರವಾದೆವೆಂಬ ಭಾವ ಅವರದು. ಗುಡ್ಡದ ಅಂಗಡಿಯವನು ಮಣಿ ಮಾರುತ್ತಾನೆ, ಅದು ಅವನ ವ್ಯಾಪಾರ. ಪೂಜಾರಿ ಮಂತ್ರ ಹೇಳಿ ದಕ್ಷಿಣೆ ಪಡೆಯುತ್ತಾನೆ; ಕರೆದರು, ಬಂದೆ ಎನ್ನುತ್ತಾನೆ. ಹಿರಿಯ ಜೋಗತಿ ಸರವನ್ನು ಕೊರಳಿಗೆ ಕಟ್ಟುತ್ತಾಳೆ. ಅವಳೂ ಎಂದೋ ಮಗುವಾಗಿದ್ದಾಗ ಇದೇ ಸ್ಥಾನದಲ್ಲಿ ಕುಳಿತಿದ್ದವಳು. ಓಣಿಯವರು ಬಂದು ಉಂಡು ಹೋಗುತ್ತಾರೆ. ಅಂದು ಹುಡುಗಿಗೂ ಸಂತೋಷವೇ. ಹೊಸ ಸೀರೆ ಉಟ್ಟಿದ್ದಾಳೆ, ಎಲ್ಲರೂ ಅವಳನ್ನೇ ನೋಡುತ್ತಿದ್ದಾರೆ.

ನಾಲ್ಕೈದು ವರ್ಷ ಕಳೆಯುತ್ತವೆ. ಹುಡುಗಿ ಮೈನೆರೆಯುತ್ತಾಳೆ. ಅದೇ ಹೊಲದ ಮನೆಯವನೋ ಇನ್ನೊಬ್ಬನೋ ಸೀರೆ, ಒಂದಿಷ್ಟು ಕಾಳು, ಹಣ ಕೊಟ್ಟು ಅವಳನ್ನು ತನ್ನವಳೆಂದು ಮಾಡಿಕೊಳ್ಳುತ್ತಾನೆ. ಅವನನ್ನು ಕೇಳಿದರೆ, ‘ನಾನು ಬಲಾತ್ಕಾರ ಮಾಡಿಲ್ಲ, ಪದ್ಧತಿ ಪ್ರಕಾರ ನಡೆದುಕೊಂಡೆ, ಕೊಡುವುದನ್ನು ಕೊಟ್ಟಿದ್ದೇನೆ’ ಎಂದಾನು. ಮಕ್ಕಳಾಗುತ್ತವೆ, ಅವಕ್ಕೆ ಅವನ ಹೆಸರಿಲ್ಲ, ಹೊಲದಲ್ಲಿ ಪಾಲಿಲ್ಲ. ಅವನು ಬಿಟ್ಟ ಮೇಲೆ ಕೆಲವರು ಕೂಲಿಗೆ ಹೋಗುತ್ತಾರೆ. ಕೆಲವರನ್ನು ದಲ್ಲಾಳಿಗಳು ಮುಂಬಯಿ, ಪುಣೆ, ಸಾಂಗ್ಲಿಯ ಸೂಳೆಗೇರಿಗಳಿಗೆ ಒಯ್ಯುತ್ತಾರೆ. ಇಲ್ಲಿ ಹೊಲದ ಮನೆಯವರೆಂದು ನಾನು ಹೇಳುತ್ತಿರುವುದು ಯಾರನ್ನೆಂದು ಓದುಗರಿಗೆ ಗೊತ್ತಿದೆ. ಭೂಮಿಯುಳ್ಳ ಮನೆತನಗಳಲ್ಲಿ ನಮ್ಮ ಸಮಾಜದವೂ ಇದ್ದವು. ಶರಣರ ಹೆಸರು ಹೇಳುವ ಜಾಲತಾಣದಲ್ಲಿ ಇದನ್ನು ಮರೆಮಾಚಿದರೆ ಈ ಲೇಖನ ಬರೆಯುವುದಕ್ಕೇ ಅರ್ಥವಿರದು.

ಈ ಸರಪಳಿಯಲ್ಲಿ ದಲ್ಲಾಳಿಯೊಬ್ಬನನ್ನು ಬಿಟ್ಟರೆ, ಮಗುವಿಗೆ ಕೇಡು ಮಾಡಬೇಕೆಂದೋ, ಮಾಡುತ್ತಿದ್ದೇನೆಂದು ತಿಳಿದೋ ಹೊರಟವರು ಅಪರೂಪ. ಪ್ರತಿಯೊಬ್ಬನ ಕೈಯಲ್ಲಿಯೂ ಇರುವುದು ಒಂದು ಕೊಂಡಿ ಮಾತ್ರ. ಸಾಲ ಕೊಟ್ಟವನು ಮುತ್ತು ಕಟ್ಟಲಿಲ್ಲ. ಮುತ್ತು ಕಟ್ಟಿದವಳು ಅವಳನ್ನು ಇಟ್ಟುಕೊಳ್ಳಲಿಲ್ಲ. ಇಟ್ಟುಕೊಂಡವನು ದೇವರಿಗೆ ಬಿಡಲಿಲ್ಲ. ಉಂಡು ಬಂದವನಂತೂ ಏನನ್ನೂ ಮಾಡಲಿಲ್ಲ. ಜರ್ಮನಿಯಲ್ಲಿ ರೈಲಿನ ದರ ಕೂಡಿಸಿದ ಗುಮಾಸ್ತನ ಸ್ಥಿತಿಯೂ ಇದೇ. ಅಲ್ಲಿ ಕಚೇರಿ ಮಾಡಿದ ಕೆಲಸವನ್ನು ಇಲ್ಲಿ ರೂಢಿ ಮಾಡಿತು: ಒಂದು ದೊಡ್ಡ ಕೃತ್ಯವನ್ನು ಸಣ್ಣ ಸಣ್ಣ ಕರ್ತವ್ಯಗಳಾಗಿ ಹಂಚಿ, ಇಡಿಯಾಗಿ ಅದು ಯಾರ ಕಣ್ಣಿಗೂ ಬೀಳದಂತೆ ನೋಡಿಕೊಂಡಿತು.

ಭಾಷೆಯೂ ಇದಕ್ಕೆ ನೆರವಾಯಿತು. ನಾನು ಕನ್ನಡದ ವಿದ್ಯಾರ್ಥಿಯಾದುದರಿಂದ ಈ ಅಂಶ ನನ್ನನ್ನು ಹೆಚ್ಚು ಕಾಡುತ್ತದೆ. ‘ಮುತ್ತು ಕಟ್ಟಿದರು’, ‘ದೇವರಿಗೆ ಬಿಟ್ಟರು’. ಈ ವಾಕ್ಯಗಳಲ್ಲಿ ಕರ್ತೃಪದ ಎಲ್ಲಿದೆ? ಕನ್ನಡದಲ್ಲಿ ಕರ್ತೃವನ್ನು ಹೇಳದೆಯೇ ಕ್ರಿಯೆಯನ್ನು ಮುಗಿಸಬಹುದು, ವಾಕ್ಯ ಸರಿಯಾಗಿಯೇ ಇರುತ್ತದೆ. ಯಾರು ಕಟ್ಟಿದರು ಎಂದು ಕೇಳುವವರೆಗೂ ಆ ಜಾಗ ಖಾಲಿ ಇದೆಯೆಂದೇ ಗೊತ್ತಾಗುವುದಿಲ್ಲ. ಇನ್ನೊಂದು ಮಾತು ‘ನಡೆದುಕೊಂಡು ಬಂದಿದೆ’. ಪದ್ಧತಿಗೆ ತನ್ನದೇ ಕಾಲುಗಳಿವೆ, ಅದು ತಾನಾಗಿ ನಡೆದು ಬಂತು, ನಾವು ದಾರಿ ಬಿಟ್ಟೆವು, ಅಷ್ಟೇ ಎಂಬಂತೆ. ವಾಸ್ತವದಲ್ಲಿ ಅದನ್ನು ಪ್ರತಿ ತಲೆಮಾರಿನಲ್ಲಿಯೂ ಯಾರೋ ಹೊತ್ತುಕೊಂಡು ಬಂದಿದ್ದಾರೆ. ಐಖ್‌ಮನ್ನನ ಕಚೇರಿಯ ಮಾತುಗಳು ಬೇಕೆಂದೇ ಹೊಸೆದವು. ನಮ್ಮವು ತಾವಾಗಿ ಸವೆದು ನುಣುಪಾದವು. ಎರಡೂ ಮಾಡಿದ ಕೆಲಸ ಮಾತ್ರ ಒಂದೇ. ಆಡುವವನ ನಾಲಿಗೆಗೂ ಕಣ್ಣಿಗೂ ನಡುವೆ ಒಂದು ಪರದೆ ಕಟ್ಟಿದವು.

ಈ ಹೋಲಿಕೆಗೆ ಮಿತಿಗಳಿವೆ. ಅವನ್ನು ಹೇಳದಿದ್ದರೆ ಅನ್ಯಾಯವಾದೀತು. ಮೊದಲನೆಯದು ಐಖ್‌ಮನ್ನನದೇ. ಯುದ್ಧಾನಂತರ ಅವನು ಅರ್ಜೆಂಟೀನಾದಲ್ಲಿ ತಲೆಮರೆಸಿಕೊಂಡಿದ್ದಾಗ ಬರೆದ ಮತ್ತು ಧ್ವನಿಮುದ್ರಣಕ್ಕೆ ಹೇಳಿದ ಮಾತುಗಳನ್ನು ಬೆಟ್ಟಿನಾ ಸ್ಟಾಂಗ್ನೆಟ್ ಎಂಬ ಜರ್ಮನ್ ವಿದುಷಿ ವಿವರವಾಗಿ ಪರಿಶೀಲಿಸಿ 2011ರಲ್ಲಿ ಗ್ರಂಥ ಪ್ರಕಟಿಸಿದರು. ಅಲ್ಲಿ ಕಾಣುವವನು ಪೆಚ್ಚು ಗುಮಾಸ್ತನಲ್ಲ; ತಾನು ಮಾಡಿದ್ದಕ್ಕೆ ಹೆಮ್ಮೆಪಡುವ, ಯಹೂದಿ ದ್ವೇಷವನ್ನು ಮೈಗೂಡಿಸಿಕೊಂಡ ಮನುಷ್ಯ. ನ್ಯಾಯಾಲಯದಲ್ಲಿ ಅವನು ತೊಟ್ಟದ್ದು ವೇಷವೂ ಆಗಿರಬಹುದು. ಆದ್ದರಿಂದ ಆರೆಂಟ್ ಆರಿಸಿಕೊಂಡ ವ್ಯಕ್ತಿ ಅವರ ವಿಚಾರಕ್ಕೆ ತಕ್ಕ ಉದಾಹರಣೆಯಲ್ಲವೆಂದು ಅನೇಕರು ವಾದಿಸುತ್ತಾರೆ. ಆ ವಾದದಲ್ಲಿ ಹುರುಳಿದೆ. ಆದರೂ ರೈಲಿನ ಬಿಲ್ಲು ಬರೆದವರು, ಪಟ್ಟಿ ಟೈಪು ಮಾಡಿದವರು, ಖಾಲಿಯಾದ ಮನೆಗಳ ಪಾತ್ರೆಪಗಡ ಹರಾಜಿನಲ್ಲಿ ಕೊಂಡವರು ಎಷ್ಟೋ ಸಾವಿರ ಜನ ಇದ್ದರು. ಆರೆಂಟರ ಮಾತು ಅವರಿಗೆ ಇಂದಿಗೂ ಸರಿಯಾಗಿ ಅನ್ವಯಿಸುತ್ತದೆ.

ಎರಡನೆಯ ಮಿತಿ ನಮ್ಮ ಸಂಗತಿಯದು. ಕೊಂಡಿಗಳೆಲ್ಲ ಒಂದೇ ತೂಕದವಲ್ಲ. ಮಗಳನ್ನು ಬಿಟ್ಟ ತಾಯಿಗೂ ಅವಳನ್ನು ಇಟ್ಟುಕೊಂಡ ಸಾಹುಕಾರನಿಗೂ ಒಂದೇ ಮಾತು ಹೇಳಲಾಗದು. ತಾಯಿಯ ಬೆನ್ನಿಗೆ ಹಸಿವಿತ್ತು, ಸಾಲವಿತ್ತು, ಜಾತಿಯ ಕಟ್ಟಿತ್ತು. ಬೇಡವೆಂದರೆ ನಾಳೆ ಕೂಲಿ ಕೊಡುವವರು ಯಾರೆಂಬ ಚಿಂತೆಯಿತ್ತು. ಅವಳು ಯೋಚಿಸಲಿಲ್ಲ ಎನ್ನುವುದಕ್ಕಿಂತ, ಯೋಚಿಸಿಯೂ ಅವಳಿಗೆ ದಾರಿಯಿರಲಿಲ್ಲ ಎನ್ನುವುದು ಸರಿ. ಯೋಚಿಸಲು ಪುರಸೊತ್ತು, ಬೇಡವೆನ್ನಲು ಶಕ್ತಿ ಎರಡೂ ಇದ್ದವರು ಬೇರೆ ಇದ್ದರು: ಊರಿನ ಹಿರಿಯರು, ಹೊಲದ ಒಡೆಯರು, ಪೂಜೆ ಮಾಡುವವರು, ಓದಿದವರು. ಮರಹಿನ ಹೊಣೆ ಅವರ ಮೇಲೆ ಬೀಳುವಷ್ಟು ಆ ತಾಯಿಯ ಮೇಲೆ ಬೀಳದು.

ಕಾನೂನು ಮಾತ್ರ ಈ ತೂಕವನ್ನು ತಿರುಗಿಸಿ ಹಾಕಿತೆಂದು ನನ್ನ ಅಭಿಪ್ರಾಯ. 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಒಳ್ಳೆಯ ಕಾಯ್ದೆಯೇ ಆಗಿತ್ತು. ಮುತ್ತು ಕಟ್ಟುವವರಿಗೆ, ಭಾಗವಹಿಸುವವರಿಗೆ, ಕುಮ್ಮಕ್ಕು ಕೊಡುವವರಿಗೆ ಮೂರು ವರ್ಷದವರೆಗೆ ಸೆರೆವಾಸವನ್ನು ಅದು ವಿಧಿಸಿತ್ತು. ಬಿಡುಗಡೆಯಾದ ಹೆಣ್ಣಿನ ಮದುವೆ ಸಿಂಧುವೆಂದೂ ಸಾರಿತ್ತು. ಆದರೆ ತಂದೆತಾಯಿ, ಪಾಲಕ, ಬಂಧುಗಳಾದರೆ ಶಿಕ್ಷೆ ಇನ್ನೂ ಹೆಚ್ಚಾಗಿತ್ತು, ಎರಡರಿಂದ ಐದು ವರ್ಷ. ಗಂಟು ಹಾಕುವ ಗಳಿಗೆಯನ್ನೇ ಆ ಕಾಯ್ದೆ ಹಿಡಿಯುತ್ತಿತ್ತು. ನಾಲ್ಕೈದು ವರ್ಷದ ಬಳಿಕ ಸೀರೆ ಹಿಡಿದು ಬರುವವನು ಅದರ ಮಾತಿನಲ್ಲಿ ನೇರವಾಗಿ ಕಾಣಿಸಿಕೊಳ್ಳುತ್ತಿರಲಿಲ್ಲ. ಹುಡುಗಿ ಹದಿನೆಂಟರೊಳಗಿನವಳಾದರೆ 2012ರ ಪೋಕ್ಸೋ ಕಾಯ್ದೆ ಅವನನ್ನು ಹಿಡಿಯಬಲ್ಲದು ಎಂಬುದು ಈಚಿನ ಆಸರೆ. ಸಮೀಕ್ಷೆಗಳು ಎಣಿಸಿದ್ದೂ ಮಹಿಳೆಯರನ್ನೇ. 46,660 ಹೆಸರುಗಳು ದಾಖಲೆಯಲ್ಲಿವೆ, ಎಲ್ಲವೂ ಹೆಣ್ಣಿನವು.

ಹಾಗಾದರೆ ಇಂಥ ಸರಪಳಿ ತುಂಡಾಗುವುದು ಹೇಗೆ? ಆರೆಂಟ್ ತಮ್ಮ ಗ್ರಂಥದಲ್ಲಿ ಡೆನ್ಮಾರ್ಕ್ ದೇಶದ ಸಂಗತಿಯನ್ನು ಹೇಳುತ್ತಾರೆ. 1943ರ ಅಕ್ಟೋಬರಿನಲ್ಲಿ ಅಲ್ಲಿನ ಯಹೂದಿಗಳನ್ನು ಹಿಡಿಯುವ ಆಜ್ಞೆ ಬಂದಾಗ ಡೇನರು ಅದನ್ನು ಬಹಿರಂಗವಾಗಿ ಒಪ್ಪಲಿಲ್ಲ. ಏಳು ಸಾವಿರಕ್ಕೂ ಹೆಚ್ಚು ಜನರನ್ನು ಮನೆ, ಆಸ್ಪತ್ರೆಗಳಲ್ಲಿ ಅಡಗಿಸಿ, ಮೀನುಗಾರರ ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿದರು. ಅದಕ್ಕಿಂತ ಮುಖ್ಯವಾದುದು, ಸುತ್ತಲಿನವರು ಹೀಗೆ ನೇರವಾಗಿ ‘ಇದು ಸಲ್ಲದು’ ಎಂದಾಗ ಅಲ್ಲಿದ್ದ ಜರ್ಮನ್ ಅಧಿಕಾರಿಗಳೇ ಅಳ್ಳಕವಾದರು, ಕೆಲವರು ಆಜ್ಞೆಯನ್ನು ತೇಲಿಸಿಬಿಟ್ಟರು. ಎಲ್ಲರೂ ಹೌದೆನ್ನುವವರೆಗೆ ಗಟ್ಟಿಯಾಗಿ ಕಂಡದ್ದು ಯಾರೋ ಎದುರು ನಿಂತು ಕೇಳಿದೊಡನೆ ಸಡಿಲಾಯಿತು.

ನಮ್ಮಲ್ಲಿ ಆ ಪ್ರಶ್ನೆಯನ್ನು ಕೇಳಿದವರು ಮೇಲಿನವರಲ್ಲ. ಸ್ವತಃ ಮುತ್ತು ಕಟ್ಟಿಸಿಕೊಂಡ ಮಹಿಳೆಯರು. ಬೆಳಗಾವಿ ಜಿಲ್ಲೆಯಲ್ಲಿ 1997ರಲ್ಲಿ ಸ್ಥಾಪನೆಯಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಮಾಜಿ ದೇವದಾಸಿಯರದೇ ಸಂಘಟನೆ. ಅದನ್ನು ಬೆಳೆಸಿದವರಲ್ಲಿ ಒಬ್ಬರಾದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು; ಅವರಿಗೆ ಮುತ್ತು ಕಟ್ಟಿದಾಗ ವಯಸ್ಸು ಏಳು. ಈ ಮಹಿಳೆಯರು ಮುತ್ತು ಕಟ್ಟುವ ಸುಳಿವು ಸಿಕ್ಕ ಮನೆಗೆ ಹೋಗಿ ಕುಳಿತು ಮಾತಾಡಿದರು, ಜಡೆಗಳನ್ನು ಬಿಡಿಸಿದರು, ಬಿಡಿಸಲಾಗದ್ದನ್ನು ಕತ್ತರಿಸಿದರು. ಕತ್ತರಿಸಿದ ಮೇಲೆ ಯಾರಿಗೂ ಏನೂ ಆಗಲಿಲ್ಲವೆಂಬುದನ್ನು ಊರು ಕಣ್ಣಾರೆ ಕಂಡಿತು. ‘ನನಗೆ ಕಟ್ಟಿದ್ದರು, ಆಮೇಲೆ ಹೀಗಾಯಿತು’ ಎಂದು ಅವರು ಹೇಳುವಾಗ, ಹಂಚಿಹೋಗಿದ್ದ ಕೃತ್ಯ ಒಬ್ಬಳೇ ಹೆಣ್ಣಿನ ಬಾಳಾಗಿ ಇಡಿಯಾಗಿ ಕಣ್ಮುಂದೆ ನಿಲ್ಲುತ್ತಿತ್ತು. ಯೋಚನೆ ಅಲ್ಲಿಂದ ಶುರುವಾಗುತ್ತಿತ್ತು.

ಮುತ್ತು ಕಟ್ಟುವುದು ಬಹಳ ಕಡಿಮೆಯಾಗಿದೆ, ಆದರೆ ನಿಂತಿದೆಯೆಂದು ಹೇಳುವಂತಿಲ್ಲ. ಗುಡ್ಡದಲ್ಲಿ ಪೊಲೀಸರ ಕಣ್ಣಿರುವುದರಿಂದ ಅದು ಮನೆಯೊಳಗೆ, ಹೊಲದ ಸಣ್ಣ ಗುಡಿಗಳಿಗೆ, ರಾತ್ರಿಯ ಹೊತ್ತಿಗೆ ಸರಿದಿದೆ. ಊಟಕ್ಕೆ ಕರೆಯುವುದಿಲ್ಲ, ವಾದ್ಯವಿಲ್ಲ. ಮಣಿಸರವನ್ನು ಒಂದು ದಿನ ಕಟ್ಟಿ ಬಿಚ್ಚಿಡುವುದೂ ಇದೆ. ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ ಶಾಲೆಗೆ ಹೋಗುವ ಹುಡುಗಿ ಕಾರಣವಿಲ್ಲದೆ ನಾಲ್ಕಾರು ದಿನ ಕಾಣದಿದ್ದರೆ, ಮರಳಿದಾಗ ಕೈತುಂಬ ಹಸಿರು ಬಳೆಯಿದ್ದರೆ, ಅಥವಾ ಒಬ್ಬ ಮಗಳ ಕೂದಲನ್ನು ಮಾತ್ರ ಮನೆಯವರು ಬಾಚದೆ ಬಿಟ್ಟಿದ್ದರೆ ಶಿಕ್ಷಕರಾಗಲಿ, ನೆರೆಯವರಾಗಲಿ ವಿಚಾರಿಸಬೇಕು. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ತಿಳಿಸಬಹುದು. 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಬಹುದು. ಮದುವೆ, ಉಡಿ ತುಂಬುವ ಕಾರ್ಯಗಳ ಖರ್ಚಿಗೆಂದು ನಮ್ಮ ಭಕ್ತರಲ್ಲಿ ಯಾರಾದರೂ ಸಾಲ ಕೇಳಿಕೊಂಡು ಬಂದಾಗ, ಕಾರ್ಯ ಯಾರದು, ಹುಡುಗಿಯ ವಯಸ್ಸೆಷ್ಟು, ವರನ ಹೆಸರೇನು ಎಂಬ ಮೂರು ಮಾತುಗಳನ್ನು ಕೇಳುವುದಕ್ಕೆ ಸಂಕೋಚ ಬೇಡ. ವರನ ಹೆಸರು ಕೇಳಿದಾಗ ಎದುರಿನವರು ಸುಮ್ಮನಾದರೆ ಆ ಹಣ ಯಾತಕ್ಕೆಂದು ತಿಳಿಯುತ್ತದೆ.